ಗಲ್ಲಾಪೆಟ್ಟಿಗೆಯಲ್ಲಿ ಯಾರೂ ಕೂರದ ಮಷೀನಿಗೆ ಯಾವ ಪಾವತಿ ವ್ಯವಸ್ಥೆ ಸರಿ?

ವೆಂಡಿಂಗ್ ಮಷೀನ್ ಕೊಳ್ಳಲು ಹೊರಟವರು ಮೊದಲು ಕೇಳುವುದು, ‘ಇದರಲ್ಲಿ ಯುಪಿಐ ನಡೆಯುತ್ತದೆಯೇ, ಕಾರ್ಡ್ ನಡೆಯುತ್ತದೆಯೇ?’ ಎಂದು. ಮಾರುವವನು ಎರಡಕ್ಕೂ ತಲೆಯಾಡಿಸುತ್ತಾನೆ. ಅವನು ಹೇಳುವುದು ಸುಳ್ಳೇನಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಬೇರೆಯದಿದೆ: ಗಿರಾಕಿ ಹಣ ಕಟ್ಟಿದ ಮೇಲೆ ಮಾಲು ಬೀಳದಿದ್ದರೆ, ಬೀಳಲಿಲ್ಲ ಎಂಬುದು ಹಣ ತೆಗೆದುಕೊಂಡ ಪೆಟ್ಟಿಗೆಗೆ ತಿಳಿಯುತ್ತದೆಯೇ? ಮುಂಬಯಿ, ಪುಣೆಗಳಲ್ಲಿ ಇಂಥ ಮಷೀನುಗಳಿಗೆ ಪಾವತಿ ಪೆಟ್ಟಿಗೆ ಜೋಡಿಸುವುದು ನನ್ನ ಕೆಲಸ. ಕ್ಯೂಆರ್ ಕೋಡ್ ಮೇಲೋ ಕಾರ್ಡ್ ತಾಗಿಸುವ ಟ್ಯಾಪ್ ಮೇಲೋ ಎಂಬ ಚರ್ಚೆಯನ್ನು ನಾನು ಈ ಪ್ರಶ್ನೆಯ ಉತ್ತರ ಸಿಕ್ಕ ಮೇಲೆಯೇ ಶುರು ಮಾಡುತ್ತೇನೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಉದಾಹರಣೆ ಹಿಡಿದುಕೊಳ್ಳೋಣ. ಅಂಧೇರಿ ಪೂರ್ವದಲ್ಲಿ ಹೋಟೆಲ್ ನಡೆಸುವ ಕುಂದಾಪುರ ಕಡೆಯ ಒಬ್ಬರು ಪಕ್ಕದ ಕಚೇರಿ ಕಟ್ಟಡದ ಕೆಳಮಹಡಿಯಲ್ಲಿ ಒಂದು ಮಷೀನ್ ಇಡಬೇಕೆಂದಿದ್ದಾರೆ ಎಂದುಕೊಳ್ಳಿ. ಒಳಗೆ 40 ರೂಪಾಯಿಯ ಮಜ್ಜಿಗೆ ಪೊಟ್ಟಣ, 45 ರೂಪಾಯಿಯ ಚಕ್ಕುಲಿ, 30 ರೂಪಾಯಿಯ ಬಿಸ್ಕತ್ತು. ಗಾಜಿನ ಹಿಂದೆ ತಂತಿಯ ಸುರುಳಿಗಳು. ಮೋಟಾರು ಸುರುಳಿಯನ್ನು ಒಂದು ಸುತ್ತು ತಿರುಗಿಸಿದರೆ ಮುಂದಿನ ಪೊಟ್ಟಣ ಕೆಳಗೆ ಬೀಳುತ್ತದೆ. ಹಣ ತೆಗೆದುಕೊಳ್ಳಲು ಅಲ್ಲಿ ಯಾರೂ ಇರುವುದಿಲ್ಲ. ಕಾವಲುಗಾರನಿದ್ದಾನೆ, ಆದರೆ ಅವನಿಗೆ ಇದರ ಉಸಾಬರಿ ಬೇಡ.

ಅವರ ಮುಂದಿರುವ ದಾರಿಗಳು ಮೂರು. ಮಷೀನಿನ ಮೇಲೆ ಅಂಟಿಸಿದ ಒಂದೇ ಕ್ಯೂಆರ್, ಪ್ರತಿ ಖರೀದಿಗೂ ಪರದೆಯ ಮೇಲೆ ಹೊಸದಾಗಿ ಮೂಡುವ ಕ್ಯೂಆರ್, ಮತ್ತು ಕಾರ್ಡ್ ತಾಗಿಸುವ ರೀಡರ್. ಮೂರರಲ್ಲೂ ಗಿರಾಕಿಯ ಫೋನನ್ನು ಮಷೀನ್ ನೋಡುವುದಿಲ್ಲ ಎಂಬುದನ್ನು ಮೊದಲು ಅರಿತುಕೊಳ್ಳಬೇಕು. ‘ಪಾವತಿ ಯಶಸ್ವಿ’ ಎಂಬ ಹಸಿರು ಪರದೆಯನ್ನು ತೋರಿಸಿ ಅಂಗಡಿಯವರನ್ನು ಯಾಮಾರಿಸುವವರಿದ್ದಾರೆ. ಆ ಆಟ ಮಷೀನಿನ ಮುಂದೆ ನಡೆಯದು. ಹಣ ಬಂದಿದೆ ಎಂಬ ಸುದ್ದಿ ಬ್ಯಾಂಕಿನ ಕಡೆಯಿಂದ ಪಾವತಿ ಕಂಪನಿಯ ಸರ್ವರ್‌ಗೆ, ಅಲ್ಲಿಂದ ಮಷೀನಿನೊಳಗಿನ ಸಿಮ್‌ಗೆ ಬಂದು ಮುಟ್ಟಿದರೆ ಮಾತ್ರ ಮೋಟಾರು ತಿರುಗುತ್ತದೆ. ಕಾರ್ಡಿನಲ್ಲಿ ಅದೇ ಸುದ್ದಿ ರೀಡರ್ ಕೇಳಿದ ಪ್ರಶ್ನೆಗೆ ಉತ್ತರವಾಗಿ ಬರುತ್ತದೆ. ಗಿರಾಕಿಯ ಫೋನು ಏನೇ ಹೇಳಲಿ, ಈ ಸುದ್ದಿ ತಲುಪುವವರೆಗೆ ಮಷೀನಿನ ಪಾಲಿಗೆ ಏನೂ ನಡೆದಿಲ್ಲ.

ಅಂಟಿಸಿದ ಕ್ಯೂಆರ್

ಎಲ್ಲಕ್ಕಿಂತ ಅಗ್ಗದ ದಾರಿ ಇದು. ಕಿರಾಣಿ ಅಂಗಡಿಯ ಕ್ಯೂಆರ್‌ನಂತೆಯೇ ಇಲ್ಲಿಯೂ ಕೋಡಿನಲ್ಲಿ ಇರುವುದು ಮಾಲೀಕರ ಯುಪಿಐ ವಿಳಾಸ ಮಾತ್ರ. ಮೊತ್ತವನ್ನು ಗಿರಾಕಿಯೇ ಒತ್ತಬೇಕು. ಆ ವಿಳಾಸಕ್ಕೆ ಹಣ ಬಂದೊಡನೆ ಮಷೀನಿನೊಳಗಿನ ಸಣ್ಣ ಪೆಟ್ಟಿಗೆ, ನಾಣ್ಯ ಬಿದ್ದಾಗ ಹೋಗುತ್ತಿದ್ದ ತಂತಿಯ ಮೇಲೆ ಮಿಡಿತಗಳನ್ನು ಕಳಿಸುತ್ತದೆ. ನಮ್ಮ ಕಸುಬಿನಲ್ಲಿ ಇದನ್ನು ಪಲ್ಸ್ ಜೋಡಣೆ ಎನ್ನುತ್ತೇವೆ. ಒಂದು ಪಲ್ಸ್ ಅಂದರೆ ಇಷ್ಟು ರೂಪಾಯಿ ಎಂದು ಮೊದಲೇ ಗೊತ್ತು ಮಾಡಿರುತ್ತಾರೆ. ಮಷೀನ್ ಮಾತ್ರ ತನ್ನೊಳಗೆ ನಾಣ್ಯವೇ ಬಿತ್ತೆಂದು ತಿಳಿದಿರುತ್ತದೆ.

ಪಲ್ಸ್‌ಗೆ 10 ರೂಪಾಯಿ ಎಂದು ಇಟ್ಟರೆ ಮಜ್ಜಿಗೆಗೆ ನಾಲ್ಕು ಪಲ್ಸ್ ಸಾಕು, ಆದರೆ 45 ರೂಪಾಯಿಯ ಚಕ್ಕುಲಿಯನ್ನು ಮಾರಲಾಗದು. 5 ರೂಪಾಯಿಗೆ ಇಳಿಸಿದರೆ ಚಕ್ಕುಲಿಗೆ ಒಂಬತ್ತು ಪಲ್ಸ್ ಆಗುತ್ತದೆ. ಪಲ್ಸ್‌ಗಳ ನಡುವಿನ ಅಂತರ ಆ ಮಷೀನಿಗೆ ತೀರ ಚಿಕ್ಕದಾಗಿದ್ದರೆ ಅದು ಒಂಬತ್ತರಲ್ಲಿ ಎಂಟನ್ನಷ್ಟೇ ಎಣಿಸುತ್ತದೆ. ಪರದೆಯ ಮೇಲೆ 40 ಎಂದು ನಿಂತುಬಿಡುತ್ತದೆ, ಗಿರಾಕಿಯ ಖಾತೆಯಿಂದ 45 ಹೋಗಿರುತ್ತದೆ. ಒಂದು ಬೆಲೆಯ ಮಾಲಿನಲ್ಲಿ ಸರಿಯಾಗಿದ್ದು ಇನ್ನೊಂದರಲ್ಲಿ 5 ರೂಪಾಯಿ ಕಡಿಮೆ ತೋರಿಸುತ್ತಿದೆ ಎಂಬ ದೂರು ಬಂದರೆ ಬ್ಯಾಂಕಿಗೆ ಫೋನ್ ಮಾಡಬೇಡಿ, ಪಲ್ಸ್‌ನ ಅಗಲ ಮತ್ತು ಅಂತರವನ್ನು ನೋಡಿ.

ಇದು ತಿದ್ದಬಹುದಾದ ದೋಷ. ತಿದ್ದಲಾಗದ ದೋಷವೆಂದರೆ ಆ ತಂತಿಯ ಮೇಲೆ ಸುದ್ದಿ ಒಂದೇ ದಿಕ್ಕಿಗೆ ಹೋಗುತ್ತದೆ. ಪೆಟ್ಟಿಗೆ ಮಷೀನಿಗೆ ಹೇಳುತ್ತದೆ. ಮಷೀನ್ ಪೆಟ್ಟಿಗೆಗೆ ಏನನ್ನೂ ಹೇಳುವುದಿಲ್ಲ. ಮಜ್ಜಿಗೆ ಪೊಟ್ಟಣ ಸುರುಳಿಯ ತುದಿಯಲ್ಲಿ ಸಿಕ್ಕಿಕೊಂಡಿತು ಎನ್ನಿ. ಒಳ್ಳೆಯ ಮಷೀನಾದರೆ 40 ರೂಪಾಯಿಯನ್ನು ಜಮೆಯಾಗಿ ಉಳಿಸಿಕೊಂಡು ‘ಬೇರೆ ಆರಿಸಿ’ ಎನ್ನುತ್ತದೆ. ಸಿಟ್ಟಿನಿಂದ ಗಾಜಿಗೆ ಎರಡು ಬಡಿದು ಹೋದ ಗಿರಾಕಿಯ ಹಿಂದೆ ನಿಂತವನು ಬಿಸ್ಕತ್ತನ್ನು ಬಿಟ್ಟಿಯಾಗಿ ತೆಗೆದುಕೊಂಡು ಹೋಗುತ್ತಾನೆ. ಪಾವತಿಯ ದಾಖಲೆಯಲ್ಲಿ ಎಲ್ಲವೂ ಸುಸೂತ್ರ. ಮಾಲೀಕರು ದಾಖಲೆ ನೋಡಿ ‘ಮಾಲು ಹೋಗಿದೆಯಲ್ಲ’ ಎನ್ನುತ್ತಾರೆ, ಗಿರಾಕಿ ‘ನನಗೆ ಬರಲಿಲ್ಲ’ ಎನ್ನುತ್ತಾನೆ. ಇಬ್ಬರ ಮಾತೂ ನಿಜ.

ಇನ್ನೊಂದು ತಮಾಷೆಯಿದೆ. ಕೋಡು ಯಾವಾಗಲೂ ಒಂದೇ ಆದ್ದರಿಂದ ಅದರ ಚಿತ್ರ ಹಿಡಿದವರು ಡೊಂಬಿವಲಿಯ ಮನೆಯಲ್ಲಿ ಕೂತು ಹಣ ಕಳಿಸಿದರೂ ಅಂಧೇರಿಯ ಮಷೀನ್ ಜಮೆ ತೋರಿಸುತ್ತದೆ. ಬೇಕೆಂದು ಹಾಗೆ ಮಾಡುವವರು ಕಡಿಮೆ. ಹಳೆಯ ಪಾವತಿಗಳ ಪಟ್ಟಿಯಲ್ಲಿ ತಪ್ಪು ಹೆಸರು ಒತ್ತಿ ಕಳಿಸುವವರು ಇದ್ದೇ ಇರುತ್ತಾರೆ. ಇಬ್ಬರು ಒಟ್ಟಿಗೆ ಸ್ಕ್ಯಾನ್ ಮಾಡಿದರೆ ಎರಡು ಜಮೆಗಳು ಕೂಡಿಕೊಂಡು ಯಾರದು ಯಾವುದೆಂದು ಮಷೀನಿಗೂ ತಿಳಿಯುವುದಿಲ್ಲ. ಮಾಲೀಕರ ಕೋಡಿನ ಮೇಲೆ ಬೇರೆ ಯಾರೋ ತಮ್ಮ ಕೋಡು ಅಂಟಿಸುವ ಮೋಸವೂ ಇಲ್ಲೇ ಸುಲಭ, ಕಾಯುವವರಿಲ್ಲದ ಜಾಗವಾದ್ದರಿಂದ ಇನ್ನೂ ಸುಲಭ.

ಹಾಗಾದರೆ ಇದು ಯಾರಿಗೂ ಬೇಡವೇ? ಬೇಕು. ತೂಕ ನೋಡುವ ಯಂತ್ರ, ಬಟ್ಟೆ ಒಗೆಯುವ ಯಂತ್ರ, ಗಾಳಿ ತುಂಬುವ ಯಂತ್ರ, ಹೀಗೆ ಒಂದೇ ಬೆಲೆಯ, ಸಿಕ್ಕಿಕೊಳ್ಳಲು ಪೊಟ್ಟಣವೇ ಇಲ್ಲದ ಕಡೆ ಪಲ್ಸ್ ಜೋಡಣೆ ವರ್ಷಗಟ್ಟಲೆ ನಡೆಯುತ್ತದೆ. ಪರಿಚಿತರೇ ಬರುವ ಕಡೆಗೆ, ಉದಾಹರಣೆಗೆ ಐವತ್ತು ಅರವತ್ತು ಜನರ ಕಚೇರಿಗೆ, ಮಷೀನೇ ಬೇಡ. ಒಂದು ಫ್ರಿಜ್, ಅದರ ಬಾಗಿಲಿಗೆ ಒಂದು ಕ್ಯೂಆರ್ ಸಾಕು. ತಿಂಗಳಿಗೆ ನಾಲ್ಕು ಮಜ್ಜಿಗೆ ಲೆಕ್ಕ ತಪ್ಪಿದರೂ ಪಾವತಿ ಪೆಟ್ಟಿಗೆಯ ಬಾಡಿಗೆಗಿಂತ ಅದು ಕಡಿಮೆಯೇ.

ಪ್ರತಿ ಸಲ ಹೊಸ ಕ್ಯೂಆರ್

ಇಲ್ಲಿ ಗಿರಾಕಿ ಮೊದಲು ಮಾಲನ್ನು ಆರಿಸುತ್ತಾನೆ. ಆಮೇಲೆ ಪರದೆಯ ಮೇಲೆ ಆ ಖರೀದಿಗೆಂದೇ ಹುಟ್ಟಿದ ಕೋಡು ಮೂಡುತ್ತದೆ. ಬಿಡಿಸಿ ನೋಡಿದರೆ ಅದರೊಳಗೆ ಇರುವುದು ಇಂಥದೊಂದು ಸಾಲು:

```
upi://pay?pa=shop@bank&pn=Majjige&am=40.00&cu=INR&tr=M07A12000381
```

ಇದರಲ್ಲಿ `am` ಎಂಬುದು ಮೊತ್ತ. ಅದನ್ನು ಗಿರಾಕಿ ಬದಲಿಸುವಂತಿಲ್ಲ. `tr` ಎಂಬುದು ಈ ಖರೀದಿಯ ಗುರುತು. ಇಡೀ ವ್ಯವಸ್ಥೆಯ ಬೆಲೆ ಇರುವುದು ಈ ಗುರುತಿನಲ್ಲಿ. ಯಾವ ಮಷೀನಿನ, ಯಾವ ಸುರುಳಿಯ, ಯಾವ ಹೊತ್ತಿನ ಪಾವತಿ ಎಂಬುದು ಅದರಿಂದ ತಿಳಿಯುತ್ತದೆ. ಬೇರೆ ಮನೆಯಿಂದ ಬಂದ ಹಣ, ಪಕ್ಕದವನ ಹಣ ಇದರ ಜೊತೆ ಬೆರೆಯುವುದಿಲ್ಲ.

ಆದರೆ ಹೊಸ ಕ್ಯೂಆರ್ ಮೂಡಿಸುವ ಪರದೆಯನ್ನೂ ಹಿಂದೆ ಅದೇ ಹಳೆಯ ಪಲ್ಸ್ ತಂತಿಗೆ ಕಟ್ಟಿ ಮಾರುವವರಿದ್ದಾರೆ. ಮುಖಕ್ಕೆ ಬಣ್ಣ, ಒಳಗೆ ಅದೇ ರೋಗ. ಸರಿಯಾದ ಜೋಡಣೆಯ ಹೆಸರು ಎಂಡಿಬಿ. ವೆಂಡಿಂಗ್ ಉದ್ಯಮದವರೇ ಒಪ್ಪಿಕೊಂಡ ಹಳೆಯ ಮಾನದಂಡ ಅದು. ವೇಗ ಸೆಕೆಂಡಿಗೆ ಬರೇ 9600 ಬಿಟ್, ಆದರೆ ಮಾತು ಎರಡೂ ಕಡೆಗೆ ನಡೆಯುತ್ತದೆ. ಗಿರಾಕಿ ಮಜ್ಜಿಗೆಯ ಗುಂಡಿ ಒತ್ತಿದೊಡನೆ ಮಷೀನ್ ಪಾವತಿ ಪೆಟ್ಟಿಗೆಗೆ `VEND REQUEST` ಕಳಿಸುತ್ತದೆ: ಹನ್ನೆರಡನೇ ಸುರುಳಿ, 40 ರೂಪಾಯಿ. ಪೆಟ್ಟಿಗೆ ಕ್ಯೂಆರ್ ತೋರಿಸಿ ಕಾಯುತ್ತದೆ. ಹಣ ಬಂದ ಸುದ್ದಿ ತಲುಪಿದರೆ `VEND APPROVED` ಎನ್ನುತ್ತದೆ. ಮೋಟಾರು ತಿರುಗುತ್ತದೆ. ಮಾಲು ಬೀಳುವ ಜಾಗದಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಪರದೆ ಇರುತ್ತದೆ; ಪೊಟ್ಟಣ ಅದನ್ನು ಕತ್ತರಿಸಿ ಬಿದ್ದರೆ ಮಷೀನ್ `VEND SUCCESS` ಎಂದು, ಬೀಳದಿದ್ದರೆ `VEND FAILURE` ಎಂದು ಪೆಟ್ಟಿಗೆಗೆ ತಿಳಿಸುತ್ತದೆ. ಆ ಎರಡನೆಯ ಸುದ್ದಿ ಬಂದೊಡನೆ ಸರ್ವರ್ ತಾನೇ 40 ರೂಪಾಯಿ ಮರಳಿಸಲು ಆದೇಶ ಕೊಡಬೇಕು.

‘ಬೇಕು’ ಎಂದೆ, ಎಲ್ಲ ಕಂಪನಿಗಳೂ ಕೊಡುವುದಿಲ್ಲ. ಯುಪಿಐಯಲ್ಲಿ ಪಿನ್ ಒತ್ತಿದ ಕ್ಷಣವೇ ಹಣ ಗಿರಾಕಿಯ ಖಾತೆ ಬಿಟ್ಟು ಹೋಗಿರುತ್ತದೆ. ಮರಳಿಸುವುದೆಂದರೆ ವ್ಯಾಪಾರಿಯ ಕಡೆಯಿಂದ ಇನ್ನೊಂದು ಹೊಸ ವ್ಯವಹಾರ. ಅದನ್ನು ಸರ್ವರ್ ತಾನಾಗಿ ಮಾಡುತ್ತದೆಯೋ, ಮಾಲೀಕರು ರಾತ್ರಿ ಕೂತು ಒಂದೊಂದಾಗಿ ಒತ್ತಬೇಕೋ ಎಂಬುದನ್ನು ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಮಷೀನಿನಲ್ಲಿ ಬೆಳಕಿನ ಪರದೆಯೇ ಇಲ್ಲದಿದ್ದರೆ ಎಂಡಿಬಿಯೂ ವ್ಯರ್ಥ. ಮೋಟಾರು ಒಂದು ಸುತ್ತು ಮುಗಿಸಿತು ಎಂಬುದನ್ನೇ ಅದು ಮಾಲು ಬಿದ್ದಂತೆ ಎಣಿಸಿ ‘ಯಶಸ್ವಿ’ ಎಂದು ವರದಿ ಒಪ್ಪಿಸುತ್ತದೆ.

ಇಲ್ಲಿ ಹೆಚ್ಚು ಜಗಳ ತರುವುದು ಸಮಯ. ಕಾರ್ಡಿಗೆಂದು ರೂಪುಗೊಂಡ ಈ ವ್ಯವಸ್ಥೆಯಲ್ಲಿ ಉತ್ತರಕ್ಕೆ ಎಷ್ಟು ಸೆಕೆಂಡು ಕಾಯಬೇಕೆಂದು ಪೆಟ್ಟಿಗೆ ಮೊದಲೇ ಮಷೀನಿಗೆ ಹೇಳಿರುತ್ತದೆ. ಕಾರ್ಡಾದರೆ ಕೆಲವೇ ಸೆಕೆಂಡು ಸಾಕು. ಯುಪಿಐ ಗಿರಾಕಿ ಫೋನ್ ತೆಗೆಯಬೇಕು, ಆ್ಯಪ್ ತೆರೆಯಬೇಕು, ಸ್ಕ್ಯಾನ್ ಮಾಡಬೇಕು, ಪಿನ್ ಒತ್ತಬೇಕು. ಅಷ್ಟರಲ್ಲಿ ಅವನ ಕೈಯಲ್ಲಿ ಚೀಲವೂ ಇರುತ್ತದೆ. ಕಾಯುವ ಅವಧಿ ಚಿಕ್ಕದಿದ್ದರೆ ಅವನು ಪಿನ್ ಒತ್ತುವಷ್ಟರಲ್ಲಿ ಮಷೀನ್ ಆ ಖರೀದಿಯನ್ನು ಮುಚ್ಚಿರುತ್ತದೆ. ಹಣ ಬರುತ್ತದೆ, ಆದರೆ ಅದಕ್ಕೆ ಬಾಗಿಲು ಇಲ್ಲ. ಒಳ್ಳೆಯ ಸರ್ವರ್ ತಡವಾಗಿ ಬಂದ ಆ ಹಣವನ್ನು `tr` ಗುರುತಿನಿಂದ ಹಿಡಿದು ಕೂಡಲೇ ಮರಳಿಸಲು ಹೊರಡುತ್ತದೆ. ಕೆಟ್ಟದ್ದು ಅದನ್ನು ಮಾರಾಟವೆಂದೇ ಬರೆದುಕೊಳ್ಳುತ್ತದೆ. ಮಾಲು ಬಿದ್ದ ಲೆಕ್ಕಕ್ಕಿಂತ ಹಣ ಬಂದ ಲೆಕ್ಕ ಹೆಚ್ಚಾಗಿ ಕಂಡರೆ ಮಾಲೀಕರು ಖುಷಿಪಡುವ ಬದಲು ಈ ಅವಧಿಯನ್ನು ಪರೀಕ್ಷಿಸಬೇಕು.

ಬೆಲೆಯ ಹೊಂದಾಣಿಕೆಯೂ ಒಂದು ಗಂಟು. ಎಂಡಿಬಿಯಲ್ಲಿ ಬೆಲೆ ಹೋಗುವುದು ಬರಿಯ ಅಂಕಿಯಾಗಿ. ಅದು ರೂಪಾಯಿಯೋ ಪೈಸೆಯೋ ಎಂಬುದನ್ನು ಎರಡೂ ಕಡೆ ಒಂದೇ ರೀತಿ ಹೊಂದಿಸಿರಬೇಕು. ಮಷೀನ್ ರೂಪಾಯಿಯ ಲೆಕ್ಕದಲ್ಲಿ 40 ಎಂದದ್ದನ್ನು ಪೆಟ್ಟಿಗೆ ಪೈಸೆಯೆಂದು ಓದಿದರೆ ಪರದೆಯ ಮೇಲೆ 0.40 ಎಂದು ಕ್ಯೂಆರ್ ಮೂಡುತ್ತದೆ. ಜೋಡಿಸಿದ ದಿನವೇ ಇದು ಕಾಣುತ್ತದೆ. ನೋಡದೆ ಬಿಟ್ಟರೆ ಆ ಕಟ್ಟಡದ ಎಲ್ಲರಿಗೂ ಸಂಜೆಯೊಳಗೆ ಸುದ್ದಿ ಮುಟ್ಟಿ ಮಷೀನ್ ಖಾಲಿಯಾಗಿರುತ್ತದೆ.

ಟ್ಯಾಪ್ ರೀಡರ್

ಕಾರ್ಡ್ ತಾಗಿಸುವ ರೀಡರ್ ಕೂಡ ಅದೇ ಎಂಡಿಬಿ ತಂತಿಗೆ ಕೂರುತ್ತದೆ. ಸಂಭಾಷಣೆಯೂ ಅದೇ. ಮುಖ್ಯ ವ್ಯತ್ಯಾಸ ನೆಟ್‌ವರ್ಕಿನದು. ಯುಪಿಐ ಕ್ಯೂಆರ್‌ಗೆ ಮಷೀನಿನ ಸಿಮ್‌ಗೂ ಗಿರಾಕಿಯ ಫೋನಿಗೂ ಎರಡಕ್ಕೂ ಸಂಪರ್ಕ ಬೇಕು. ಟ್ಯಾಪ್‌ಗೆ ಮಷೀನಿನದೊಂದು ಸಾಕು. ಕಾರ್ಡಿಗೆ ಇಂಟರ್‌ನೆಟ್ ಬೇಕಿಲ್ಲ. ಮುಂಬಯಿಯ ಎಷ್ಟೋ ಕಟ್ಟಡಗಳ ನೆಲಮಾಳಿಗೆಯಲ್ಲಿ, ವಾಹನ ನಿಲ್ಲಿಸುವ ತಾಣಗಳಲ್ಲಿ ಫೋನಿನ ಸಂಕೇತ ಒಂದು ಗೆರೆಗೂ ಗತಿಯಿಲ್ಲ. ಅಂಥ ಕಡೆ ಮಷೀನಿಗೆ ಕಟ್ಟಡದ ಕೇಬಲ್ ಇಂಟರ್‌ನೆಟ್ ಕೊಟ್ಟು ಟ್ಯಾಪ್ ಇಟ್ಟರೆ ವ್ಯಾಪಾರ ನಡೆಯುತ್ತದೆ, ಬರಿಯ ಕ್ಯೂಆರ್ ಇಟ್ಟರೆ ಗಿರಾಕಿ ಫೋನ್ ಎತ್ತಿ ಹಿಡಿದು ಮೂಲೆ ಮೂಲೆ ಸುತ್ತುತ್ತಾನೆ.

ಟ್ಯಾಪ್‌ಗೆ ಪಿನ್ ಬೇಕಿಲ್ಲ ಎಂಬುದು ನೌಕರರಿಲ್ಲದ ಮಷೀನಿಗೆ ದೊಡ್ಡ ಅನುಕೂಲ. 2021ರ ಜನವರಿ 1ರಿಂದ ರಿಸರ್ವ್ ಬ್ಯಾಂಕ್ ಪಿನ್ ಇಲ್ಲದ ಟ್ಯಾಪ್‌ನ ಮಿತಿಯನ್ನು 2000 ರೂಪಾಯಿಯಿಂದ 5000ಕ್ಕೆ ಏರಿಸಿತು. ಮಜ್ಜಿಗೆ, ಚಕ್ಕುಲಿ ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲವಾದ್ದರಿಂದ ಗುಂಡಿಗಳಿಲ್ಲದ ಸಣ್ಣ ರೀಡರ್ ಸಾಕಾಗುತ್ತದೆ. ಆದರೆ ಒಮ್ಮೊಮ್ಮೆ ಕಾರ್ಡ್ ಕೊಟ್ಟ ಬ್ಯಾಂಕ್ ಭದ್ರತೆಗಾಗಿ ಪಿನ್ ಕೇಳಬಹುದು. ಗುಂಡಿಗಳಿಲ್ಲದ ರೀಡರ್ ಆಗ ‘ನಿರಾಕರಿಸಲಾಗಿದೆ’ ಎಂದಷ್ಟೇ ಹೇಳುತ್ತದೆ.

ಅದಕ್ಕಿಂತ ಹೆಚ್ಚಾಗಿ ಕಾಣುವ ನಿರಾಕರಣೆಗೆ ಕಾರಣ ಬೇರೆ. ರಿಸರ್ವ್ ಬ್ಯಾಂಕಿನ 2020ರ ಆದೇಶದ ಪ್ರಕಾರ ಹೊಸ ಕಾರ್ಡುಗಳಲ್ಲಿ ಟ್ಯಾಪ್ ಸೌಲಭ್ಯ ಮೊದಲಿಗೆ ಮುಚ್ಚಿರುತ್ತದೆ. ಗ್ರಾಹಕರೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆಯಬೇಕು. ಕಾರ್ಡಿನ ಮೇಲೆ ಅಲೆಗಳ ಗುರುತಿದ್ದರೂ ಒಳಗೆ ಬೀಗವಿರುತ್ತದೆ. ಒಂದೇ ಕಾರ್ಡು ಬೇರೆ ಅಂಗಡಿಯಲ್ಲಿ ತೂರಿಸಿದರೆ ನಡೆದು ಇಲ್ಲಿ ತಾಗಿಸಿದರೆ ನಡೆಯದಿದ್ದರೆ ಇದೇ ಕಾರಣವೆಂದು ಬಹುಮಟ್ಟಿಗೆ ಹೇಳಬಹುದು. ನಾನು ರೀಡರ್ ಪಕ್ಕದಲ್ಲೇ ಮರಾಠಿ, ಇಂಗ್ಲಿಷ್‌ಗಳಲ್ಲಿ ಒಂದು ಸಾಲು ಬರೆದು ಅಂಟಿಸಲು ಹೇಳುತ್ತೇನೆ. ಮಷೀನ್ ಕೆಟ್ಟಿದೆಯೆಂಬ ದೂರುಗಳು ಎಷ್ಟೋ ಇಳಿಯುತ್ತವೆ.

ಮೆಟ್ರೊ ಗೇಟಿನಲ್ಲಿ ತಾಗಿಸುವ ಎನ್‌ಸಿಎಂಸಿ ಕಾರ್ಡು ಇಲ್ಲಿಯೂ ನಡೆಯುತ್ತದೆಯೇ ಎಂದು ಪುಣೆಯ ಕಾಲೇಜು ಹುಡುಗರು ಕೇಳುತ್ತಾರೆ. ಗೇಟಿನಲ್ಲಿ ಅದು ಅಷ್ಟು ಚುರುಕಾಗಿರುವುದು ಹಣ ಕಾರ್ಡಿನ ಚಿಪ್‌ನಲ್ಲೇ ಇರುವುದರಿಂದ. ಬ್ಯಾಂಕನ್ನು ಆ ಕ್ಷಣದಲ್ಲಿ ಕೇಳುವುದೇ ಇಲ್ಲ. ಮಷೀನಿನ ರೀಡರ್‌ಗೆ ಆ ಸಂಚಿತ ಹಣ ಮುಟ್ಟುವ ಅನುಮತಿ ಪ್ರತ್ಯೇಕವಾಗಿ ಇದ್ದರೆ ಮಾತ್ರ ಅದು ಇಲ್ಲಿಯೂ ಸಾಧ್ಯ.

ಖರ್ಚು ಮತ್ತು ಮರಳಿ ಬರುವ ಹಣ

ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕವಿಲ್ಲ. ಕ್ರೆಡಿಟ್ ಕಾರ್ಡಿಗೆ ಇದೆ. ನೂರಕ್ಕೆ 2 ಎಂದು ಹಿಡಿದರೆ 40ರ ಮಜ್ಜಿಗೆಗೆ 80 ಪೈಸೆ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಪೆಟ್ಟಿಗೆಯ ತಿಂಗಳ ಬಾಡಿಗೆ, ಸಿಮ್‌ನ ಖರ್ಚು, ಪಾವತಿ ಕಂಪನಿಯ ಪ್ರತ್ಯೇಕ ಸೇವಾ ಶುಲ್ಕಗಳನ್ನು ಕೇಳುವುದೇ ಇಲ್ಲ. ಬಾಡಿಗೆ 500 ರೂಪಾಯಿ, ಒಂದು ಪೊಟ್ಟಣದ ಲಾಭ 10 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳ ಮೊದಲ ಐವತ್ತು ಮಜ್ಜಿಗೆ ಪೆಟ್ಟಿಗೆಯವನಿಗೇ ಹೋಗುತ್ತದೆ.

ಹಣ ಮರಳುವ ವಿಷಯದಲ್ಲಿ ಎರಡು ಪ್ರಕರಣಗಳನ್ನು ಬೆರೆಸಬಾರದು. ಖಾತೆಯಿಂದ ಹಣ ಹೋಗಿ ವ್ಯಾಪಾರಿಗೆ ಖಚಿತಪಡಿಸಿದ ಸುದ್ದಿಯೇ ಬಾರದಿದ್ದರೆ ಅದು ಬ್ಯಾಂಕುಗಳ ಹೊಣೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ ವ್ಯವಹಾರದ ದಿನದ ನಂತರ ಐದು ದಿನದೊಳಗೆ ಅದು ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಸುದ್ದಿ ಬಂದು, ಹಣವೂ ಸೇರಿ, ಪೊಟ್ಟಣ ಮಾತ್ರ ಬೀಳದಿದ್ದರೆ ಅದು ಮಾಲೀಕರ ಹೊಣೆ. ಬ್ಯಾಂಕಿನ ಲೆಕ್ಕದಲ್ಲಿ ಆ ವ್ಯವಹಾರ ಪೂರ್ಣವಾಗಿದೆ. ಗಿರಾಕಿ ಫೋನ್ ಮಾಡಿದಾಗ ಅವನ ಆ್ಯಪ್‌ನಲ್ಲಿ ಕಾಣುವ 12 ಅಂಕಿಯ ಯುಟಿಆರ್ ಸಂಖ್ಯೆ ಕೇಳಿ. ಅದು ಪಾವತಿ ಕಂಪನಿಯ ದಾಖಲೆಯಲ್ಲಿ ಇಲ್ಲದಿದ್ದರೆ ಹಣ ದಾರಿಯಲ್ಲಿದೆ. ಇದ್ದು, ಮಷೀನಿಗೆ ಅನುಮತಿ ಹೋದ ದಾಖಲೆ ಇಲ್ಲದಿದ್ದರೆ ನಿಮ್ಮ ಸಿಮ್ ಆ ಹೊತ್ತಿಗೆ ಸತ್ತಿತ್ತು. ಅನುಮತಿಯೂ ಹೋಗಿ ‘ಬಿತ್ತು’ ಎಂಬ ಸುದ್ದಿ ಬಾರದಿದ್ದರೆ ಸುರುಳಿಯನ್ನು ನೋಡಿ. ಪಲ್ಸ್ ಜೋಡಣೆಯಲ್ಲಿ ಈ ಮೂರನೆಯ ದಾಖಲೆಯೇ ಇರುವುದಿಲ್ಲ.

ಯಾರಿಗೆ ಯಾವುದು

ಅಂಧೇರಿಯ ಹೋಟೆಲಿನವರಿಗೆ ನಾನು ಹೇಳುವುದು ಎಂಡಿಬಿ ಮತ್ತು ಬೆಳಕಿನ ಪರದೆ ಇರುವ ಮಷೀನ್, ಅದಕ್ಕೆ ಹೊಸ ಕ್ಯೂಆರ್ ಮೂಡಿಸುವ ಪೆಟ್ಟಿಗೆ. ಕೆಳಮಹಡಿಯಲ್ಲಿ ಫೋನಿನ ಸಂಕೇತ ಸಿಗುವುದಾದರೆ ಟ್ಯಾಪ್ ಈಗಲೇ ಬೇಡ. ಕಚೇರಿಯ ಜನ 40 ರೂಪಾಯಿಗೆ ಕಾರ್ಡ್ ತೆಗೆಯುವುದು ಅಪರೂಪ. ಅದೇ ಮಷೀನ್ ಗೋವಾದ ಕಲಂಗುಟ್ ಬದಿಯ ವಸತಿಗೃಹದಲ್ಲಿ ಇರುವುದಾದರೆ ಟ್ಯಾಪ್ ಮೊದಲು: ವಿದೇಶಿ ಪ್ರವಾಸಿಗಳಲ್ಲಿ ಹೆಚ್ಚಿನವರ ಬಳಿ ಯುಪಿಐ ಇರುವುದಿಲ್ಲ. ಪಾವತಿ ಕಂಪನಿ ವಿದೇಶಿ ಕಾರ್ಡುಗಳನ್ನು ತೆರೆದುಕೊಟ್ಟಿದೆಯೇ ಎಂದು ಅಲ್ಲಿ ಖಚಿತಪಡಿಸಿಕೊಳ್ಳಬೇಕು. ರೀಡರ್ ಅದೇ ಆದರೂ ಆ ಅನುಮತಿ ಬೇರೆ, ಶುಲ್ಕವೂ ಹೆಚ್ಚು. ಮಳೆಗಾಲದಲ್ಲಿ ಕರೆಂಟು ಹೋಗುವ ಊರಾದ್ದರಿಂದ ಪಾವತಿ ಪೆಟ್ಟಿಗೆಗೆ ಸಣ್ಣ ಬ್ಯಾಟರಿಯೂ ಬೇಕು. ಹಣ ಬಂದು ಮೋಟಾರು ತಿರುಗುವ ಮೊದಲೇ ದೀಪ ಆರಿದರೆ ಆ ಖರೀದಿ ವಿಫಲವಾಯಿತೆಂದು ಸರ್ವರ್‌ಗೆ ಹೇಳಲಿಕ್ಕಾದರೂ ಅದು ಬದುಕಿರಬೇಕು.

ಮುಂಗಡ ಕೊಡುವ ಮುನ್ನ ಮಾರುವವನ ಎದುರೇ ನಾಲ್ಕು ಕೆಲಸ ಮಾಡಿ. ಖಾಲಿ ಸುರುಳಿಯನ್ನು ಆರಿಸಿ ಹಣ ಕಟ್ಟಿ, ಮರಳಿಸುವ ಸಂದೇಶ ಯಾರೂ ಏನನ್ನೂ ಒತ್ತದೆ ಬರುತ್ತದೆಯೇ ನೋಡಿ. ಕ್ಯೂಆರ್‌ನ ಅವಧಿ ಮುಗಿಯುವವರೆಗೆ ಪಿನ್ ಒತ್ತದೆ ಕಾದು, ಆಮೇಲೆ ಒತ್ತಿ. ಪಿನ್ ಒತ್ತಿದ ಕೂಡಲೇ ಪೆಟ್ಟಿಗೆಯ ಆಂಟೆನಾ ಕಳಚಿ, ಎರಡು ನಿಮಿಷ ಬಿಟ್ಟು ಜೋಡಿಸಿ. ಹಳೆಯ ಅನುಮತಿ ಆಗ ಬಂದು ಯಾರೂ ಇಲ್ಲದಾಗ ಮೋಟಾರು ತಿರುಗಿದರೆ ಆ ಪೆಟ್ಟಿಗೆ ಬೇಡ. ಕೊನೆಗೆ ಒಂದು ಖರೀದಿಯ ನಡುವೆ ಪ್ಲಗ್ ಕೀಳಿ. ಇದಕ್ಕೆಲ್ಲ ಖರ್ಚಾಗುವುದು 160 ರೂಪಾಯಿ, ಅದರಲ್ಲಿ ಎಷ್ಟು ಮರಳಿ ಬಂತು, ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಬರೆದಿಟ್ಟುಕೊಂಡು ಬೆಲೆಯ ಮಾತಿಗೆ ಕೂರಿ.